ಮೂರು ಡಿವೈಸ್ ಆಂಟಿವೈರಸ್: ಮೊದಲ ವರ್ಷ 999, ರಿನ್ಯೂವಲ್‌ಗೆ 2,799

ಮಂಜು, ತೀರ್ಥಹಳ್ಳಿ:
ಹೋದ ವರ್ಷ ಆನ್‌ಲೈನ್‌ನಲ್ಲಿ ಮೂರು ಡಿವೈಸ್‌ನ ಆಂಟಿವೈರಸ್ 999 ರೂಪಾಯಿಗೆ ತಗೊಂಡಿದ್ದೆ. ಮನೆ ಲ್ಯಾಪ್‌ಟಾಪ್, ಝೆರಾಕ್ಸ್ ಅಂಗಡಿ ಕಂಪ್ಯೂಟರ್, ಮಗಳ ಮೊಬೈಲ್ ಮೂರಕ್ಕೂ ಹಾಕಿದ್ದೆ. ಇದೇ 28ಕ್ಕೆ ಅವಧಿ ಮುಗಿಯುತ್ತದೆ, ರಿನ್ಯೂವಲ್‌ಗೆ 2,799 ತೋರಿಸುತ್ತಿದೆ. ಇದರ ಮಧ್ಯೆ ಸಿಡಿಲಿಗೆ ಅಂಗಡಿ ಕಂಪ್ಯೂಟರಿನ ಬೋರ್ಡ್ ಹೋಯಿತು. ಬೇರೆ ಬೋರ್ಡ್ ಹಾಕಿಸಿ ವಿಂಡೋಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿಸಿದೆ. ಈಗ ಆಂಟಿವೈರಸ್ ಹಾಕಲು ಹೋದರೆ ಡಿವೈಸ್ ಮಿತಿ ಮುಗಿದಿದೆ ಅನ್ನುತ್ತದೆ. ದುಡ್ಡು ಕಟ್ಟಿ ರಿನ್ಯೂ ಮಾಡಿದರೆ ಇದೂ ಸರಿಹೋಗುತ್ತಾ?

ವಿನಯ್, ಭದ್ರಾವತಿ:
ಅಣ್ಣ, ರಿನ್ಯೂವಲ್ ಬಟನ್ ಒತ್ತಲೇಬೇಡಿ. ಹೊಸ ಗಿರಾಕಿಗೆ ಒಂದು ರೇಟು, ಹಳೇ ಗಿರಾಕಿಗೆ ಒಂದು ರೇಟು, ಎಲ್ಲ ಕಂಪನಿಯವರದ್ದೂ ಇದೇ ಕಥೆ. ಹಳೆಯದನ್ನು ತೆಗೆದುಹಾಕಿ, ಹೊಸ ಕೀ ತಗೊಂಡು ಇವತ್ತೇ ಹಾಕಿ. ಆನ್‌ಲೈನ್‌ನಲ್ಲಿ ಕೀ ಮಾತ್ರ ಮಾರುವವರು 300ಕ್ಕೂ ಕೊಡುತ್ತಾರೆ.

ರಮೇಶ್, ದುರ್ಗಿಗುಡಿ:
ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಸೇಲ್ಸ್ ಮತ್ತು ಸರ್ವಿಸ್ ಮಾಡುವವನು. ವಿನಯ್ ಹೇಳಿದ್ದರಲ್ಲಿ ಅರ್ಧ ಸರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮಂಜಣ್ಣ, ಮಿತಿಯ ತೊಂದರೆಗೂ ರಿನ್ಯೂವಲ್‌ಗೂ ಸಂಬಂಧ ಇಲ್ಲ. 2,799 ಕಟ್ಟಿದರೂ ಅದೇ ಮೆಸೇಜ್ ಬರುತ್ತದೆ. ಎಷ್ಟು ಡಿವೈಸ್ ಆಗಿದೆ ಎನ್ನುವ ಲೆಕ್ಕ ಇರುವುದು ಕಂಪನಿಯ ಸರ್ವರ್‌ನಲ್ಲಿ, ನಿಮ್ಮ ಕಂಪ್ಯೂಟರಿನಲ್ಲಿ ಅಲ್ಲ. ಆಂಟಿವೈರಸ್ ಹಾಕುವಾಗ ಆ ಯಂತ್ರದ ಒಂದು ಗುರುತನ್ನು ಅಲ್ಲಿ ಬರೆದುಕೊಳ್ಳುತ್ತಾರೆ. ಆ ಗುರುತು ಹಾರ್ಡ್‌ವೇರ್ ಮೇಲೆ ನಿಂತಿರುತ್ತದೆ, ಅದರಲ್ಲಿ ಬೋರ್ಡಿನ ಪಾಲು ದೊಡ್ಡದು. ಬರೀ ಫಾರ್ಮ್ಯಾಟ್ ಮಾಡಿದ್ದರೆ ಹೆಚ್ಚಿನ ಸಲ ಹಳೇ ಗುರುತೇ ಸಿಕ್ಕಿ, ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಬೋರ್ಡ್ ಬದಲಾದರೆ ಅವರ ಕಣ್ಣಿಗೆ ಅದು ನಾಲ್ಕನೇ ಡಿವೈಸ್. ಹಳೆಯದು ಸತ್ತಿದೆ ಎಂದು ಸರ್ವರ್‌ಗೆ ಯಾರೂ ಹೇಳಿಲ್ಲವಲ್ಲ. ಮಳೆಗಾಲ ಶುರುವಾದರೆ ನನ್ನ ಅಂಗಡಿಗೆ ಇಂಥ ಕೇಸು ಬರುತ್ತಲೇ ಇರುತ್ತವೆ.

ದಾರಿ ಸುಲಭ. ಮೊಬೈಲ್ ಬ್ರೌಸರ್‌ನಲ್ಲೇ ಕಂಪನಿಯ ವೆಬ್‌ಸೈಟಿಗೆ ಹೋಗಿ ನಿಮ್ಮ ಅಕೌಂಟಿಗೆ ಲಾಗಿನ್ ಆಗಿ. ಡಿವೈಸ್‌ಗಳ ಪಟ್ಟಿ ಇರುತ್ತದೆ. ಅಂಗಡಿಯ ಹಳೇ ಕಂಪ್ಯೂಟರನ್ನು ಅಲ್ಲಿಂದ ತೆಗೆದರೆ ಒಂದು ಜಾಗ ಖಾಲಿ ಆಗುತ್ತದೆ. ಆಮೇಲೆ ಹೊಸ ಬೋರ್ಡಿನ ಕಂಪ್ಯೂಟರಿನಲ್ಲಿ ಅದೇ ಅಕೌಂಟಿನಿಂದ ಇನ್‌ಸ್ಟಾಲ್ ಮಾಡಿ.

ಒಂದು ಎಚ್ಚರ. ಪಟ್ಟಿಯಲ್ಲಿ `DESKTOP-` ಎಂದು ಶುರುವಾಗುವ ಹೆಸರುಗಳೇ ಇರುತ್ತವೆ, ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಹೆಸರಿನ ಹತ್ತಿರ ಅದು ಕೊನೆಯ ಸಲ ಯಾವಾಗ ಸಂಪರ್ಕಕ್ಕೆ ಬಂತು ಎನ್ನುವ ತಾರೀಕು ಸಾಮಾನ್ಯವಾಗಿ ಇರುತ್ತದೆ. ಸಿಡಿಲು ಬಡಿದ ದಿನದಿಂದ ಸುಮ್ಮನಿರುವುದು ಯಾವುದೋ, ಅದೇ ನಿಮ್ಮ ಹಳೇ ಕಂಪ್ಯೂಟರ್.

ಸುಮಾ, ಸಾಗರ:
ನನಗೂ ಹೀಗೇ ಆಯ್ತು. ನಾನು ಆಂಟಿವೈರಸ್ ಬೇಡ ಅಂತ ತೆಗೆದೇ ಹಾಕಿದ್ದೆ, ಆದರೂ ಅಕೌಂಟಿನಿಂದ ದುಡ್ಡು ಕಟ್ ಆಯಿತು! ಇದು ನ್ಯಾಯವಾ? ಯಾರಿಗೆ ದೂರು ಕೊಡಬೇಕು?

ರಮೇಶ್, ದುರ್ಗಿಗುಡಿ:
ಸುಮಾ ಅವರೇ, ಮಂಜಣ್ಣ ಕೇಳಿದ್ದು ಬೇರೆ. ಆದರೆ ನೀವು ಹೇಳಿದ್ದು ಅವರಿಗೂ ಬೇಕಾದದ್ದೇ. ಪ್ರೋಗ್ರಾಂ ತೆಗೆದರೆ ಆಟೋ ರಿನ್ಯೂವಲ್ ನಿಲ್ಲುವುದಿಲ್ಲ, ಅವೆರಡೂ ಬೇರೆ ಬೇರೆ. ಮೊದಲ ಸಲ ಕೊಳ್ಳುವಾಗ ಕಾರ್ಡಿನಿಂದಲೋ ಯುಪಿಐಯಿಂದಲೋ ದುಡ್ಡು ತಾನಾಗಿ ಕಡಿಯಲು ಒಂದು ಅನುಮತಿ, ಅಂದರೆ ಮ್ಯಾಂಡೇಟ್, ಒಪ್ಪಿರುತ್ತೀರಿ. ಆಫರ್ ಬೆಲೆ ಬೇಕಿದ್ದರೆ ಅದನ್ನು ಒಪ್ಪಲೇಬೇಕು ಎನ್ನುವ ಕಂಪನಿಗಳೂ ಇವೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ದುಡ್ಡು ಕಡಿಯುವ ಕನಿಷ್ಠ 24 ಗಂಟೆ ಮೊದಲು ನಿಮಗೆ ತಿಳಿಸಬೇಕು, ಆ ಮೆಸೇಜಿನಲ್ಲಿ ಮೊತ್ತವೂ ಇರಬೇಕು, ಬೇಡ ಎನ್ನಲು ದಾರಿಯೂ ಇರಬೇಕು. ಆದರೆ 15,000ದ ಒಳಗಿದ್ದರೆ ಪ್ರತಿ ಸಲ ಓಟಿಪಿ ಕೇಳುವುದಿಲ್ಲ. ಆ ಎಸ್ಸೆಮ್ಮೆಸ್ಸನ್ನು ಬಹಳ ಜನ ಜಾಹೀರಾತು ಅಂತ ಬಿಟ್ಟುಬಿಡುತ್ತಾರೆ.

ಮೊದಲು ಕಂಪನಿಗೆ ಬರೆದು ರೀಫಂಡ್ ಕೇಳಿ. ರಿನ್ಯೂ ಆದ ಮೇಲೆ ಎಷ್ಟು ದಿನದೊಳಗೆ ವಾಪಸ್ ಕೇಳಬಹುದು ಅಂತ ಅವರ ಷರತ್ತಿನಲ್ಲಿ ನೋಡಿ. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915.

ಸುಮಾ, ಸಾಗರ:
ಎಸ್ಸೆಮ್ಮೆಸ್ ಬಂದಿತ್ತಂತೆ, ಈಗ ಹುಡುಕಿದೆ. ಕಂಪನಿಗೆ ಬರೆದು ನೋಡುತ್ತೇನೆ.

ಮಂಜು, ತೀರ್ಥಹಳ್ಳಿ:
ರಮೇಶಣ್ಣ, ಇನ್ನೊಂದು ಗೋಳು. ದುಡ್ಡು ಕಟ್ಟಿದ್ದು ನನ್ನ ಕಾರ್ಡಿನಿಂದ. ಆದರೆ ಇನ್‌ಸ್ಟಾಲ್ ಮಾಡಲು ಬಂದ ಹುಡುಗ ಅಕೌಂಟನ್ನು ಅವನ ಮೇಲ್ ಐಡಿಯಲ್ಲಿ ಮಾಡಿದ್ದಾನೆ. ಈಗ ಅವನು ಬೆಂಗಳೂರಿನಲ್ಲಿದ್ದಾನೆ, ಫೋನ್ ಎತ್ತುತ್ತಿಲ್ಲ.

ವಿನಯ್, ಭದ್ರಾವತಿ:
ಅಷ್ಟೇನಾ? ಕೀ ನಿಮ್ಮ ಹತ್ತಿರ ಇದ್ದರೆ ನಿಮ್ಮ ಮೇಲ್‌ನಲ್ಲಿ ಹೊಸ ಅಕೌಂಟ್ ಮಾಡಿ ಅದಕ್ಕೆ ಆ ಕೀ ಹಾಕಿ.

ರಮೇಶ್, ದುರ್ಗಿಗುಡಿ:
ಅದು ನಡೆಯುವುದಿಲ್ಲ ವಿನಯ್. ಒಂದು ಅಕೌಂಟಿಗೆ ಸೇರಿದ ಕೀಯನ್ನು ಸಾಮಾನ್ಯವಾಗಿ ಇನ್ನೊಂದು ಅಕೌಂಟ್ ತಗೊಳ್ಳುವುದಿಲ್ಲ. ಹುಡುಗ ಸಿಕ್ಕಿದರೆ ಅವನೇ ಒಳಗೆ ಹೋಗಿ ಮೇಲ್ ಐಡಿ ಬದಲಿಸಿ ಕೊಡಬೇಕು. ಸಿಗದಿದ್ದರೆ ಬಿಲ್, ಆರ್ಡರ್ ನಂಬರ್, ಕೀ ಮೂರನ್ನೂ ಕಳಿಸಿ ಕಂಪನಿಯ ಸಪೋರ್ಟಿಗೆ ಕೇಳಬೇಕು. ಬಿಲ್ ನಿಮ್ಮ ಹೆಸರಲ್ಲಿದ್ದರೆ ಕೆಲಸ ಆಗುತ್ತದೆ, ಆದರೆ ದಿನ ಹಿಡಿಯುತ್ತದೆ.

ಮಂಜಣ್ಣ, ನಿಮ್ಮ ಲೈಸೆನ್ಸ್ ಉಳಿದಿರುವುದು ಮೂರು ವಾರ. ಅದಕ್ಕಾಗಿ ಇಷ್ಟು ಓಡಾಡುವುದು ನನಗೆ ದಂಡ ಅನ್ನಿಸುತ್ತದೆ. ಅಂಗಡಿ ಕಂಪ್ಯೂಟರಿನಲ್ಲಿ ಅರ್ಧಕ್ಕೆ ನಿಂತಿರುವ ಆಂಟಿವೈರಸ್ ತೆಗೆದುಹಾಕಿ. ಆಕ್ಟಿವೇಟ್ ಆಗದೆ ಸುಮ್ನೆ ಕೂತಿದ್ದರೆ ಅದೂ ಕೆಲಸ ಮಾಡುವುದಿಲ್ಲ, ವಿಂಡೋಸ್‌ನ ಡಿಫೆಂಡರನ್ನೂ ಏಳಲು ಬಿಡದಿರಬಹುದು. ತೆಗೆದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ, `Windows Security` ತೆರೆದು ವೈರಸ್ ರಕ್ಷಣೆ ಆನ್ ಇದೆಯಾ ನೋಡಿ. 28ರವರೆಗೆ ಅದೇ ಇರಲಿ.

ಇವತ್ತೇ ಮಾಡಬೇಕಾದ್ದು ಮ್ಯಾಂಡೇಟ್ ರದ್ದು. ಆಂಟಿವೈರಸ್ ಅಕೌಂಟ್ ಹುಡುಗನ ಕೈಯಲ್ಲಿದ್ದರೂ ಕಾರ್ಡ್ ನಿಮ್ಮದು. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲೋ ವೆಬ್‌ಸೈಟಿನಲ್ಲೋ ಕಾರ್ಡಿನ ಮ್ಯಾಂಡೇಟ್‌ಗಳ ಪಟ್ಟಿ ಇರುತ್ತದೆ, ಅಲ್ಲಿಂದಲೇ ನಿಲ್ಲಿಸಬಹುದು. 28ರವರೆಗೆ ಕಾಯಬೇಡಿ, ಅವಧಿ ಮುಗಿಯುವ ಮೊದಲೇ ದುಡ್ಡು ಎಳೆಯುವ ಕಂಪನಿಗಳಿವೆ. ಇದನ್ನು ನಿಲ್ಲಿಸಿದ ಮಾತ್ರಕ್ಕೆ ಲ್ಯಾಪ್‌ಟಾಪಿನ ರಕ್ಷಣೆ ನಿಲ್ಲುವುದಿಲ್ಲ. ಕಟ್ಟಿದ ಅವಧಿ ಮುಗಿಯುವ ತನಕ ಅದು ಇದ್ದೇ ಇರುತ್ತದೆ.

ವಿನಯ್, ಭದ್ರಾವತಿ:
ಅಂದರೆ ಕೊನೆಗೆ ಹೊಸ ಕೀಯೇ. ನಾನು ಹೇಳಿದ್ದೂ ಅದನ್ನೇ ಅಲ್ವಾ?

ರಮೇಶ್, ದುರ್ಗಿಗುಡಿ:
ಹೊಸ ಕೀ ಸರಿ, ಇವತ್ತೇ ಹಾಕಿ ಅಂದಿದ್ದು ಸರಿಯಲ್ಲ. ಪೆಟ್ಟಿಗೆಯಲ್ಲಿರುವ ಕೀಯ ಅವಧಿ ಆಕ್ಟಿವೇಟ್ ಮಾಡುವ ತನಕ ಶುರುವಾಗುವುದಿಲ್ಲ. ಇವತ್ತು ಹಾಕಿದರೆ ಲ್ಯಾಪ್‌ಟಾಪಿನ ಹಳೇ ಮೂರು ವಾರ ಹೋಯಿತು. ಅದೇ ಅಕೌಂಟಿಗೆ ಸೇರಿಸಿದರೆ ಉಳಿದ ದಿನ ಕೂಡಿಸಿ ಕೊಡುವ ಕಂಪನಿಗಳೂ ಇವೆ, ಆದರೆ ಮಂಜಣ್ಣನಿಗೆ ಆ ಅಕೌಂಟೇ ಕೈಯಲ್ಲಿಲ್ಲ. ಇನ್ನೊಂದು, ಮೂರು ಡಿವೈಸ್ ಕೀಗೆ ಸಾಮಾನ್ಯವಾಗಿ ಗಡಿಯಾರ ಒಂದೇ. ಮೊದಲ ಡಿವೈಸಿಗೆ ಹಾಕಿದ ದಿನವೇ ಮೂರಕ್ಕೂ ವರ್ಷ ಶುರು. ಮೊಬೈಲಿಗೆ ಎರಡು ತಿಂಗಳು ಬಿಟ್ಟು ಹಾಕಿದರೆ ಅದಕ್ಕೆ ಸಿಗುವುದು ಹತ್ತೇ ತಿಂಗಳು.

300ರ ಕೀ ಬೇಡವೇ ಬೇಡ. ಬೇರೆ ದೇಶಕ್ಕೆ ಮಾರಿದ ಕೀ ಇಲ್ಲಿ ಆಕ್ಟಿವೇಟ್ ಆಗದಿರಬಹುದು. ಇನ್ನು ಕೆಲವನ್ನು ಯಾರೋ ಮೊದಲೇ ಬಳಸಿರುತ್ತಾರೆ, ನಿಮಗೆ ಬರುವುದು ಉಳಿಕೆ. ಎಲ್ಲೇ ಕೊಂಡರೂ ಹಾಕಿದ ಕೂಡಲೇ ಲೈಸೆನ್ಸ್ ಮುಗಿಯುವ ತಾರೀಕು ನೋಡಿ. ಪೂರ್ತಿ ವರ್ಷ ಇಲ್ಲದಿದ್ದರೆ ಆಗಲೇ ವಾಪಸ್ ಕೇಳಿ.

ಮೇಷ್ಟ್ರು, ಹೊಸನಗರ:
ಇಷ್ಟೆಲ್ಲ ರಾಮಾಯಣ ಎಂತಕ್ಕೆ ಮಾರಾಯ್ರೆ? ವಿಂಡೋಸ್ ಜೊತೆಗೇ ಡಿಫೆಂಡರ್ ಪುಕ್ಕಟೆ ಬರುತ್ತದೆ. ನಾನು ಬೇರೆ ಏನೂ ಹಾಕಿಲ್ಲ. ಮೂರು ವಾರಕ್ಕೆ ಸಾಕಾಗುವುದು ವರ್ಷಕ್ಕೆ ಯಾಕೆ ಸಾಕಾಗಲ್ಲ?

ರಮೇಶ್, ದುರ್ಗಿಗುಡಿ:
ಮೇಷ್ಟ್ರೇ, ಮಾರುವವನಾಗಿಯೂ ಹೇಳುತ್ತೇನೆ, ಮನೆ ಲ್ಯಾಪ್‌ಟಾಪಿಗೆ ಅದು ಸಾಕು. ಝೆರಾಕ್ಸ್ ಅಂಗಡಿಗೆ ದಿನಾ ಊರಿನವರ ಪೆನ್‌ಡ್ರೈವ್ ಬರುತ್ತದೆ, ಜನ ತಮ್ಮ ಮೇಲ್ ತೆರೆದು ಪ್ರಿಂಟ್ ತೆಗೆಯುತ್ತಾರೆ. ಅಲ್ಲಿಗೆ ನಾನು ಬೇರೆಯದನ್ನೇ ಹಾಕಿಸುತ್ತೇನೆ.

ಮೂರು ಡಿವೈಸಿಗೂ ನಿಜವಾಗಿ ಬೇಕಾ ಅಂತ ನಾನು ಮಂಜಣ್ಣನನ್ನು ಕೇಳಬೇಕೆಂದಿದ್ದೆ. ಕಂಪನಿಯ ಪುಟದಲ್ಲಿ 999ರ ಪಕ್ಕ ಸಣ್ಣಕ್ಷರದಲ್ಲಿ ‘ಮೊದಲ ವರ್ಷಕ್ಕೆ’ ಅಂತ ಇರುತ್ತದೆ, ಹೊಡೆದುಹಾಕಿದ ಬೆಲೆಯೂ ಇರುತ್ತದೆ. ಎರಡನೇ ವರ್ಷ ಕೇಳುವುದು ಹೆಚ್ಚುಕಮ್ಮಿ ಆ ಹೊಡೆದುಹಾಕಿದ ಬೆಲೆಯನ್ನು. 2,799 ಅಂದರೆ ಡಿವೈಸಿಗೆ 933. ಇದನ್ನು ನಿಜವಾಗಿ ಬೇಕಾದ ಒಂದೇ ಕಂಪ್ಯೂಟರಿಗೆ ಕಟ್ಟಿದರೆ ಆ ಒಂದಕ್ಕೇ 2,799 ಬಿತ್ತು. ರಿನ್ಯೂವಲ್ ಪುಟ ಹಳೇ ಪ್ಯಾಕನ್ನೇ ಮುಂದಿಡುತ್ತದೆ, ಡಿವೈಸ್ ಕಮ್ಮಿ ಮಾಡಲೇ ಅಂತ ತಾನಾಗಿ ಕೇಳುವುದಿಲ್ಲ. ಒಂದು ಡಿವೈಸಿನ ಹೊಸ ಕೀ, ಜಿಎಸ್‌ಟಿ 18 ಪರ್ಸೆಂಟ್ ಸೇರಿಸಿ ಎಷ್ಟಾಗುತ್ತದೆ ನೋಡಿ. ಕೆಲವರು ತೆರಿಗೆಯನ್ನು ಕೊನೆಯ ಪುಟದಲ್ಲಿ ಮಾತ್ರ ತೋರಿಸುತ್ತಾರೆ.

ಮೇಷ್ಟ್ರು, ಹೊಸನಗರ:
ಪೆನ್‌ಡ್ರೈವನ್ನು ಡಿಫೆಂಡರ್ ನೋಡುವುದಿಲ್ಲವೋ? ನೋಡುತ್ತದೆ. ನನಗೆ ಒಪ್ಪಿಗೆ ಆಗಲಿಲ್ಲ.

ರಮೇಶ್, ದುರ್ಗಿಗುಡಿ:
ನೋಡುತ್ತದೆ, ಹೌದು. ಆದರೆ ಅಂಗಡಿ ಕೆಲಸದ ಹುಡುಗರು ಪ್ರಿಂಟ್ ಬೇಗ ಆಗಲಿ ಅಂತ ಅದನ್ನು ಆಫ್ ಮಾಡಿಡುವುದನ್ನು ನಾನು ಕಂಡಿದ್ದೇನೆ. ದುಡ್ಡು ಕೊಟ್ಟು ಹಾಕುವ ಎಷ್ಟೋ ಪ್ರೋಗ್ರಾಂಗಳಲ್ಲಿ ಸೆಟ್ಟಿಂಗ್‌ಗೆ ಪಾಸ್‌ವರ್ಡ್ ಇಡಬಹುದು.

ಮೇಷ್ಟ್ರು, ಹೊಸನಗರ:
ಹುಡುಗರಿಗೆ ಅಡ್ಮಿನ್ ಅಲ್ಲದ ಬೇರೆ ಯೂಸರ್ ಮಾಡಿಕೊಟ್ಟರೆ ಅದೂ ಪುಕ್ಕಟೆಯೇ ಆಯಿತು.

ಮಂಜು, ತೀರ್ಥಹಳ್ಳಿ:
ಬ್ಯಾಂಕ್ ಆ್ಯಪ್‌ನಲ್ಲಿ ಮ್ಯಾಂಡೇಟ್ ಸಿಕ್ಕಿತು, ರದ್ದು ಮಾಡಿದೆ. ಮನೆ ಲ್ಯಾಪ್‌ಟಾಪಿಗೆ 28ರ ನಂತರ ಡಿಫೆಂಡರ್. ಮೊಬೈಲಿಂದ ತೆಗೆದರೆ ಮಗಳಿಗೆ ಖುಷಿಯೇ, ಬ್ಯಾಟರಿ ತಿನ್ನುತ್ತದೆ ಅನ್ನುತ್ತಿದ್ದಳು. ಅಂಗಡಿಯದ್ದು ಮಾತ್ರ ಯೋಚನೆ. ಒಂದು ಡಿವೈಸ್ ಒಂದು ವರ್ಷಕ್ಕೆ 649, ಮೂರು ವರ್ಷಕ್ಕೆ 1,399 ಇದೆ. ಮೂರು ವರ್ಷದ್ದೇ ತಗೊಳ್ಳಲಾ?

ರಮೇಶ್, ದುರ್ಗಿಗುಡಿ:
ವರ್ಷಕ್ಕೆ 466 ಆಯಿತು, ಮಧ್ಯೆ ರಿನ್ಯೂವಲ್ ರೇಟಿನ ಕಾಟವೂ ಇಲ್ಲ. ಆದರೆ ಮೂರು ವರ್ಷದಲ್ಲಿ ಇನ್ನೊಂದು ಸಿಡಿಲು ಬಂದರೆ ಮತ್ತೆ ವರ್ಗಾಯಿಸಬೇಕು. ಎಷ್ಟು ಸಲ ಬಿಡುತ್ತಾರೆ ಅಂತ ಕೊಳ್ಳುವ ಮೊದಲು ಷರತ್ತು ಓದಿ, ಕೆಲವರು ಅದಕ್ಕೂ ಮಿತಿ ಇಟ್ಟಿರುತ್ತಾರೆ. ಅಕೌಂಟ್ ನಿಮ್ಮ ಮೇಲ್‌ನಲ್ಲೇ ಮಾಡಿ, ಮೊಬೈಲ್ ನಂಬರೂ ನಿಮ್ಮದೇ ಕೊಡಿ.

ವಿನಯ್, ಭದ್ರಾವತಿ:
ನಾನಾಗಿದ್ದರೆ ಒಂದು ವರ್ಷದ್ದೇ ತಗೊಳ್ಳುತ್ತಿದ್ದೆ. ಮುಂದಿನ ವರ್ಷ ಬೇರೆ ಕಂಪನಿಯ ಆಫರ್ ಇದ್ದೇ ಇರುತ್ತದೆ.

ಸುಮಾ, ಸಾಗರ:
ಕಂಪನಿಯಿಂದ ಉತ್ತರ ಬಂತು. ದುಡ್ಡು ವಾಪಸ್ ಇಲ್ಲವಂತೆ, ಬದಲಿಗೆ ಆರು ತಿಂಗಳು ಹೆಚ್ಚಿಗೆ ಕೊಡುತ್ತಾರಂತೆ. ನಾಳೆ 1915ಕ್ಕೆ ಫೋನ್ ಮಾಡುತ್ತೇನೆ.