ಸಹಾಯ ಬೇಕು: ದಿನನಿತ್ಯದ ಈಜಿಗೆ ಕ್ಲೋರಿನ್ ತಾಳುವ ಈಜುಡುಗೆ

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷದ ನನ್ನ ಮಗಳು ಬೆಂಗಳೂರಿನಲ್ಲಿ ಪ್ರತಿದಿನ ಬೆಳಿಗ್ಗೆ ಈಜು ತರಬೇತಿಗೆ ಹೋಗುತ್ತಾಳೆ. ಅವಳ ಈಗಿನ ಈಜುಡುಗೆ ಶೇ. 80 ನೈಲಾನ್ ಮತ್ತು ಶೇ. 20 ಸ್ಪ್ಯಾಂಡೆಕ್ಸ್‌ನದು. ಬಣ್ಣ ಮಾಸಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಕುಳಿತುಕೊಳ್ಳುವ ಭಾಗದ ಬಟ್ಟೆ ತೆಳುವಾಗಿದ್ದು, ಬೆಳಕಿಗೆ ಹಿಡಿದು ಎಳೆದರೆ ತುಂಡಾದ ಸಣ್ಣ ಬಿಳಿ ಎಳೆಗಳು ಹೊರಚಾಚಿರುವುದು ಕಾಣುತ್ತದೆ. ಕ್ಲೋರಿನ್ ಮೊದಲು ಸ್ಪ್ಯಾಂಡೆಕ್ಸ್ ಎಳೆಯನ್ನೇ ತಿನ್ನುವುದರಿಂದ ಹಿಗ್ಗಿದ ಬಟ್ಟೆ ಮರಳಿ ಕುಗ್ಗುವುದಿಲ್ಲ, ಭುಜದ ಪಟ್ಟಿಯೂ ಜಾರುತ್ತದೆ.

ಆದ್ದರಿಂದ ಸ್ಪ್ಯಾಂಡೆಕ್ಸ್ ಇಲ್ಲದ, ಪಾಲಿಯೆಸ್ಟರ್ ಮತ್ತು ಪಿಬಿಟಿ ಬೆರೆಸಿದ ಬಟ್ಟೆಯನ್ನು ಕೊಳ್ಳುವ ಯೋಚನೆಯಿದೆ. ಪಿಬಿಟಿಯೂ ಒಂದು ಬಗೆಯ ಪಾಲಿಯೆಸ್ಟರ್ ಆಗಿದ್ದು, ತನ್ನ ಸುರುಳಿ ರಚನೆಯಿಂದಲೇ ಹಿಗ್ಗುವುದರಿಂದ ಕ್ಲೋರಿನ್‌ಗೆ ಹೆಚ್ಚು ಕಾಲ ತಾಳುತ್ತದೆ. ನೈಲಾನ್‌ಗಿಂತ ನೀರನ್ನು ಬಹಳ ಕಡಿಮೆ ಹೀರುವ ಕಾರಣ, ಮರುದಿನದ ಹೊತ್ತಿಗೆ ನೆರಳಿನಲ್ಲಿಯೇ ಒಣಗುವುದೂ ನಮಗೆ ಮುಖ್ಯ, ಏಕೆಂದರೆ ಮಳೆಗಾಲದಲ್ಲಿ ನಮ್ಮ ಬಾಲ್ಕನಿಗೆ ಬಿಸಿಲೇ ಬೀಳುವುದಿಲ್ಲ.

ಆದರೆ ಈ ಬಟ್ಟೆ ಅಷ್ಟಾಗಿ ಹಿಗ್ಗದು ಮತ್ತು ಬಳಸಿದಂತೆ ಸಡಿಲವಾಗದು. ಹೀಗಿರುವಾಗ ಬೆಳೆಯುವ ಮಗುವಿಗೆ ಒಂದು ಅಳತೆ ದೊಡ್ಡದನ್ನು ಕೊಳ್ಳಬೇಕೇ, ಅಥವಾ ಎದೆ, ಸೊಂಟಗಳ ಜೊತೆ ಭುಜದಿಂದ ತೊಡೆಸಂದಿನ ಮೂಲಕ ಸುತ್ತುವ ಮುಂಡದ ಅಳತೆಯನ್ನೂ ನೋಡಿದರೆ ಸಾಕೇ? ಕ್ಲೋರಿನ್ ನಿರೋಧಕ ಸ್ಪ್ಯಾಂಡೆಕ್ಸ್ ಇರುವ ಉಡುಗೆಯನ್ನು ದಿನವೂ ಬಳಸಿದವರಿದ್ದರೆ, ಅದು ಎಷ್ಟು ತಿಂಗಳು ಬಿಗಿ ಉಳಿಸಿಕೊಂಡಿತು ಎಂಬುದನ್ನು ದಯವಿಟ್ಟು ತಿಳಿಸಿ. ಈಜಿದ ಕೂಡಲೇ ಸಿಹಿನೀರಿನಲ್ಲಿ ತೊಳೆಯುತ್ತೇವೆ, ವಾಷಿಂಗ್ ಮಷೀನಿಗೆ ಹಾಕುವುದಿಲ್ಲ.