ಸೈಟಿಗೆ ಅಡ್ವಾನ್ಸ್ ಕೊಡುವ ಮೊದಲು ಪತ್ರ ನೋಡಿಕೊಡುವ ವಕೀಲರು ಬೇಕು

ನಮಸ್ಕಾರ. ನಾವು ಒಂದು ಸೈಟ್ ನೋಡಿದ್ದೇವೆ. ಮಾರುವವರ ತಂದೆ ಅದನ್ನು 1994ರಲ್ಲಿ ಸ್ವಂತ ದುಡ್ಡಿನಿಂದ ಕೊಂಡಿದ್ದು, ಕ್ರಯಪತ್ರ ಅವರ ಹೆಸರಿನಲ್ಲೇ ಇದೆ. ಅವರು ವಿಲ್ ಬರೆಯದೆ ತೀರಿಕೊಂಡರು. ಈಗ ಖಾತೆ ಮಗನ ಹೆಸರಿಗೆ ಆಗಿದೆ. ಆದರೆ ತಾಯಿ ಮತ್ತು ಒಬ್ಬ ತಂಗಿ ಇದ್ದಾರೆ. ಖಾತೆ ಬದಲಾದ ಮಾತ್ರಕ್ಕೆ ಅವರ ಪಾಲು ಹೋಗುವುದಿಲ್ಲ ಅಲ್ವಾ? ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮೂವರಿಗೂ ಸಮಪಾಲು. ಅವರಿಬ್ಬರೂ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕೋ, ಅಗ್ರಿಮೆಂಟಿಗೇ ಸಹಿ ಹಾಕಿದರೆ ಸಾಕೋ ಗೊತ್ತಾಗಬೇಕು.

ಇನ್ನೊಂದು ವಿಷಯ ನನಗೆ ಜಾಸ್ತಿ ಚಿಂತೆ ತಂದಿದೆ. ಅವರು ತೋರಿಸಿದ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, 2010ರಿಂದ ಈಚಿನದು ಮಾತ್ರ. ಅದರಲ್ಲಿ ಯಾವ ಋಣಭಾರವೂ ಇಲ್ಲ. ಆದರೆ ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳಷ್ಟೇ. ಅಸಲು ಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ಪಡೆದಿದ್ದರೆ ಅದು ಅಲ್ಲಿ ಕಾಣದೇ ಇರಬಹುದು. ಅಸಲು ಕೇಳಿದಾಗಲೆಲ್ಲ ಜೆರಾಕ್ಸ್ ಕೊಡುತ್ತಿದ್ದಾರೆ. ಅಸಲನ್ನು ಕಣ್ಣಾರೆ ನೋಡದೆ ದುಡ್ಡು ಕೊಡಲು ನನಗೆ ಮನಸ್ಸಿಲ್ಲ.

1994ಕ್ಕೂ ಹಿಂದಿನ ಮೂಲ ಪತ್ರಗಳಿಂದ ಶುರುಮಾಡಿ ಎಲ್ಲವನ್ನೂ ಓದಿ, ಕೋರ್ಟಿನಲ್ಲಿ ದಾವೆ ಇದೆಯೇ ಎಂದೂ ವಿಚಾರಿಸಿ, ಲಿಖಿತ ಅಭಿಪ್ರಾಯ ಕೊಡುವ ವಕೀಲರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮಾರುವವರಿಗೂ ನಮಗೂ ಒಬ್ಬರೇ ವಕೀಲರು ಬೇಡ. ಅವರು ಈ ವಾರವೇ ಅಡ್ವಾನ್ಸ್ ಕೇಳುತ್ತಿದ್ದಾರೆ.