ನೆರೆ ಇಳಿದ ಮೇಲೆ ಶಾಲೆ: ಪ್ರಶ್ನೆ ಕೇಳಿ, ರೇಖಾ ಮೇಡಂ ಉತ್ತರಿಸುತ್ತಾರೆ

ಅಡ್ಮಿನ್ (ಬಸವನಗುಡಿ): ನಮಸ್ಕಾರ. ಶನಿವಾರ ರಾತ್ರಿ ಮೆಜೆಸ್ಟಿಕ್‌ನಿಂದ ನಮ್ಮ ತಂಡ ಕೃಷ್ಣಾ ತೀರದ ಹಳ್ಳಿಗೆ ಹೊರಡುತ್ತಿದೆ. ಅದಕ್ಕೂ ಮೊದಲು ರೇಖಾ ಮೇಡಂ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ ಕಡೆಯ ನೆರೆ, ಹೀಗೆ ಬಹಳ ವರ್ಷ ಇದೇ ಕೆಲಸದಲ್ಲಿದ್ದವರು. ಒಬ್ಬರು ಒಂದೇ ಪ್ರಶ್ನೆ ಕೇಳಿ, ದಯವಿಟ್ಟು.

ಅನಿಲ್ (ಬೆಳ್ಳಂದೂರು): ಮೇಡಂ, ನಮ್ಮ ಕಂಪನಿಯವರು 40 ಟ್ಯಾಬ್ ಕೊಡ್ತಾರೆ. ಯಾವ ಆ್ಯಪ್ ಹಾಕಿಸಲಿ?

ರೇಖಾ: ಸದ್ಯಕ್ಕೆ ಬೇಡ. ಅಲ್ಲಿ ಕರೆಂಟ್ ಬಂದಿದೆಯಾ ಅಂತ ಮೊದಲು ವಿಚಾರಿಸಿ. ಅದೇ ದುಡ್ಡಿಗೆ ಸ್ಲೇಟು, ಬಳಪ, ದೊಡ್ಡಕ್ಷರದ ಕಥೆಪುಸ್ತಕ ತನ್ನಿ.

ಮಹಾಂತೇಶ (ಶಿಕ್ಷಕ, ಆ ಹಳ್ಳಿಯವರು): ಮೇಡಂ, ನಮ್ಮ ಶಾಲೆ 5 ವಾರ ಕಾಳಜಿ ಕೇಂದ್ರ ಆಗಿತ್ತು. ಈಗ ಶುರುವಾಗಿದೆ. ನಾಲ್ಕು, ಐದನೇ ತರಗತಿ ಸೇರಿ 34 ಮಕ್ಕಳು, ನಾನೊಬ್ಬನೇ. ಪಾಠ ಮುಂದಕ್ಕೆ ಹೋಗ್ತಾ ಇಲ್ಲ. ಮೊದಲು ಓದುತ್ತಿದ್ದವರೇ ಈಗ ಬಾಯಿ ಬಿಡುತ್ತಿಲ್ಲ. ಸಿಲಬಸ್ ಮುಗಿಸಲಾ, ಹಿಂದಕ್ಕೆ ಹೋಗಲಾ?

ಪ್ರಕಾಶ್ (ಜಯನಗರ, ನಿವೃತ್ತ ಬ್ಯಾಂಕ್ ಮ್ಯಾನೇಜರ್): ಲೆಕ್ಕ ಸುಲಭ ಇದೆ ಸರ್. 5 ವಾರ ಹೋಗಿದೆ, 5 ವಾರದ ಶನಿವಾರ, ಭಾನುವಾರ ಕ್ಲಾಸ್ ಮಾಡಿ. ಸರಿಹೋಗುತ್ತೆ.

ರೇಖಾ: ಪ್ರಕಾಶ್ ಸರ್, ಆ ಲೆಕ್ಕ ತಪ್ಪುತ್ತದೆ. ಎಲ್ಲಿ ತಪ್ಪುತ್ತದೆ ಅಂತ ತಿಳಿಯದಿದ್ದರೆ ಶನಿವಾರ ಹೋಗುವ ನಮ್ಮವರೂ ಅದನ್ನೇ ಮಾಡಿಬರುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

2005ರ ಅಕ್ಟೋಬರ್ 8ರಂದು ಗಡಿಯಾಚೆ ಮುಜಫ್ಫರಾಬಾದ್ ಕಡೆ ಭೂಕಂಪ ಆಯಿತು. ಬೆಳಿಗ್ಗೆ, ಮಕ್ಕಳು ಶಾಲೆಯಲ್ಲಿದ್ದ ಹೊತ್ತು. ನಾಲ್ಕು ವರ್ಷ ಕಳೆದ ಮೇಲೆ ಸಂಶೋಧಕರು 126 ಹಳ್ಳಿಗಳಿಗೆ ಹೋಗಿ ನೋಡಿದರು. ಪರಿಹಾರದ ಹಣ ಬಂದಿತ್ತು, ಮನೆಗಳು ಎದ್ದಿದ್ದವು, ಸಂಸಾರಗಳು ಚೇತರಿಸಿಕೊಂಡಿದ್ದವು. ಮಕ್ಕಳೂ ಎಲ್ಲ ಕಡೆಯಂತೆ ಶಾಲೆಗೆ ಹೋಗುತ್ತಿದ್ದರು. ಆದರೆ ಭೂಮಿ ಬಿರಿದ ಜಾಗದ ಹತ್ತಿರದ ಮಕ್ಕಳು ದೂರದ ಹಳ್ಳಿಯ ಮಕ್ಕಳಿಗಿಂತ ಕಲಿಕೆಯಲ್ಲಿ ಒಂದೂವರೆ, ಎರಡು ತರಗತಿಯಷ್ಟು ಹಿಂದಿದ್ದರು. ಶಾಲೆ ಮುಚ್ಚಿದ್ದು ಸರಾಸರಿ 14 ವಾರ ಮಾತ್ರ.

ಉಳಿದ ನಷ್ಟ ಎಲ್ಲಿಂದ ಬಂತು? ಶಾಲೆ ತೆರೆದ ಮೇಲೆ ಬಂದಿರಬೇಕು ಅನ್ನುತ್ತಾರೆ ಸಂಶೋಧಕರು. ಮೇಷ್ಟ್ರು ನಿಂತಲ್ಲಿಂದ ಪಾಠ ಮುಂದುವರಿಸಿರುತ್ತಾರೆ, ಮಗು ಅಲ್ಲಿಲ್ಲ. ಮೊದಲ ದಿನ ಅರ್ಥವಾಗಲಿಲ್ಲ, ಮರುದಿನದ ಪಾಠ ಅದರ ಮೇಲೆ ಕೂತಿದೆ, ಅದೂ ಆಗಲಿಲ್ಲ. ಹಾಜರಿ ಪುಸ್ತಕದಲ್ಲಿ ಮಗು ಪ್ರತಿದಿನ ಇರುತ್ತದೆ, ಕಲಿಕೆಯಲ್ಲಿ ಪ್ರತಿದಿನ ಒಂದಿಷ್ಟು ಹಿಂದೆ ಬೀಳುತ್ತದೆ. ಅದೇ ಅಧ್ಯಯನದಲ್ಲಿ ಒಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ತಾಯಿ ಪ್ರೈಮರಿ ಮುಗಿಸಿದ್ದ ಮನೆಗಳ ಮಕ್ಕಳಿಗೆ ಈ ನಷ್ಟವೇ ಆಗಿರಲಿಲ್ಲ. ಎಲ್ಲಿ ಎಡವುತ್ತಿದೆ ಅಂತ ನೋಡುವವರು ಮನೆಯಲ್ಲೇ ಒಬ್ಬರಿದ್ದರು ಅಂತ ನಾನು ಅಂದುಕೊಂಡಿದ್ದೇನೆ.

ಮಹಾಂತೇಶ ಸರ್, ಈಗ ನಿಮ್ಮ 34 ಮಕ್ಕಳು. ಎರಡು ದಿನ ಪಾಠ ನಿಲ್ಲಿಸಿ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿ, ಒಬ್ಬರಿಗೆ ಐದು ನಿಮಿಷ ಸಾಕು. ಒಂದನೇ ತರಗತಿ ಮಟ್ಟದ ನಾಲ್ಕು ಸಾಲು ಕೊಡಿ. ಓದಿದರೆ ಸಣ್ಣ ಕಥೆ ಕೊಡಿ. ಓದದಿದ್ದರೆ ಪದ, ಅದೂ ಆಗದಿದ್ದರೆ ಅಕ್ಷರ. ಎಲ್ಲರೂ ಒಟ್ಟಿಗೆ ರಾಗವಾಗಿ ಓದುವಾಗ ಯಾರಿಗೆ ಬರುವುದಿಲ್ಲ ಅಂತ ಗೊತ್ತೇ ಆಗುವುದಿಲ್ಲ, ಅದಕ್ಕೇ ಒಬ್ಬೊಬ್ಬರು. ಲೆಕ್ಕಕ್ಕೆ 52ರಲ್ಲಿ 17 ಕಳೆಯಲು ಹೇಳಿ. ಎಷ್ಟು ಬಂತು, ಹೇಗೆ ಬಂತು, ಎರಡನ್ನೂ ಬರೆದುಕೊಳ್ಳಿ. ಆಮೇಲೆ ಇಲ್ಲಿ ಹಾಕಿ.

ಸುನಂದಾ (ವೈಟ್‌ಫೀಲ್ಡ್): ತುಂಬಾ ಚೆನ್ನಾಗಿ ಹೇಳಿದ್ರಿ ಮೇಡಂ. ನಮ್ಮ ಮಗಂದೂ ಇದೇ ಕಥೆ. ಮಳೆ ಅಂತ ಸ್ಕೂಲಲ್ಲಿ 3 ದಿನ ರಜೆ ಕೊಟ್ರು. ಆನ್‌ಲೈನ್ ಕ್ಲಾಸ್ ಮಾಡ್ಲಿಲ್ಲ. ಫೀಸ್ ವಾಪಸ್ ಕೇಳಬಹುದಾ?

ರೇಖಾ: ಇದು ಆ ಗುಂಪಲ್ಲ ಅಮ್ಮ.

ಗಿರೀಶ್ (ರಾಜಾಜಿನಗರ): ಫಾರ್ವರ್ಡ್ ಮಾಡ್ತಿದೀನಿ, ಎಲ್ಲ ಸ್ವಯಂಸೇವಕರೂ ಓದಿ 🙏 "ನೆರೆ ಕಂಡ ಮಕ್ಕಳನ್ನು ಮೊದಲ ದಿನವೇ ವೃತ್ತಾಕಾರದಲ್ಲಿ ಕೂರಿಸಿ. ನೀರು ಬಂದ ರಾತ್ರಿಯ ಚಿತ್ರ ಬರೆಸಿ. ಒಬ್ಬೊಬ್ಬರಿಂದಲೂ ಹೇಳಿಸಿ. ಅತ್ತರೆ ಭಯ ಹೊರಹೋಗುತ್ತದೆ. 21 ದಿನದಲ್ಲಿ ಮಗು ಮೊದಲಿನಂತೆ."

ರೇಖಾ: ಇದನ್ನು ಮಾಡಬೇಡಿ. ಇದೇ ಫಾರ್ವರ್ಡ್ ಕೊಡಗಿನಲ್ಲೂ ಬಂದಿತ್ತು, ಆಗಲೂ ಹೇಳಿ ಹೇಳಿ ಸಾಕಾಯಿತು. ಹೀಗೆ ಕೂರಿಸಿ, ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಭಾನುವಾರ ಸಂಜೆ ನೀವು ಬಸ್ ಹತ್ತುತ್ತೀರಿ, ಅತ್ತ ಮಗು ಅಲ್ಲೇ ಇರುತ್ತದೆ. ತಾನಾಗಿ ಹೇಳಿದರೆ ಕೇಳಿ, ಕೆದಕಬೇಡಿ. ದಿನಾ ಅದೇ ಹೊತ್ತಿಗೆ ಗಂಟೆ ಹೊಡೆಯಲಿ, ಅದೇ ಪ್ರಾರ್ಥನೆ, ಅದೇ ಬಿಸಿಯೂಟ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಬಿಟ್ಟಿದೆ, ಮಾತೇ ಆಡುತ್ತಿಲ್ಲ ಅಂದರೆ ವೈದ್ಯರ ಹತ್ತಿರ ಕರೆದೊಯ್ಯಿರಿ.

ಗಿರೀಶ್: ಒಬ್ಬ ಡಾಕ್ಟರೇ ಬರೆದದ್ದು ಅಂತ ಇತ್ತು ಮೇಡಂ.

ರೇಖಾ: ಯಾವ ಡಾಕ್ಟರು? ಹೆಸರು ಇಲ್ಲ, ಊರು ಇಲ್ಲ.

ಶಬಾನಾ (ಶಿವಾಜಿನಗರ): ಮೇಡಂ, ನೆರೆಯಿಂದ ಮನೆ ಬಿಟ್ಟು ಬಂದ ಸಂಸಾರ ನಮ್ಮ ಬೀದಿಯಲ್ಲಿದೆ. ಮಗಳಿಗೆ 9 ವರ್ಷ. ಟಿಸಿ ಇಲ್ಲ, ಜನನ ಪ್ರಮಾಣಪತ್ರ ನೀರಲ್ಲಿ ಹೋಗಿದೆ. ಶಾಲೆಯವರು ಆಗಲ್ಲ ಅಂತಿದ್ದಾರೆ.

ಪ್ರಕಾಶ್: ಆರ್‌ಟಿಇ ಪ್ರಕಾರ ಯಾವ ಪ್ರೈವೇಟ್ ಶಾಲೆಯಾದರೂ ಸೇರಿಸಿಕೊಳ್ಳಲೇಬೇಕು. ಕೇಸ್ ಹಾಕಿ.

ರೇಖಾ: ಅರ್ಧ ಸರಿ ಸರ್. ಟಿಸಿ ತಡವಾಗಿದೆ ಅಂತ ಪ್ರವೇಶ ನಿರಾಕರಿಸುವಂತಿಲ್ಲ, ಅದು 5ನೇ ಸೆಕ್ಷನ್. ಆದರೆ ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ವಯಸ್ಸಿನ ದಾಖಲೆ ಇಲ್ಲ ಅಂತಲೂ ಹಿಂದಕ್ಕೆ ಕಳಿಸುವಂತಿಲ್ಲ, ಅದು 14ನೇದು. ಶಬಾನಾ, ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ, ಬಾಯಲ್ಲಿ ಹೇಳದೆ ಅರ್ಜಿ ಬರೆದು ಕೊಡಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಆಗಲೂ ಆಗದಿದ್ದರೆ ಆ ಪ್ರತಿ ಹಿಡಿದು ಬಿಇಒ ಕಚೇರಿಗೆ. 9 ವರ್ಷ ಅಂದರೆ ವಯಸ್ಸಿಗೆ ತಕ್ಕ ತರಗತಿಗೇ ಹಾಕಬೇಕು, ಒಂದನೇ ಕ್ಲಾಸಿಗೆ ತಳ್ಳಲು ಬಿಡಬೇಡಿ.

ಅನಿಲ್: ಟ್ಯಾಬ್ ಬೇಡ ಅಂದ್ರಿ. ಆದರೆ ಕೋವಿಡ್‌ನಲ್ಲಿ ಎಲ್ಲ ಆನ್‌ಲೈನೇ ನಡೀತಲ್ವಾ? ಟೆಕ್ನಾಲಜಿ ಬೇಡ ಅನ್ನೋದು ಹಳೇ ಕಾಲದ ಮಾತು.

ಜ್ಯೋತಿ (ಶಿಕ್ಷಕಿ, ಯಲಹಂಕ): ಯಾರಿಗೆ ನಡೀತು ಸರ್? ನನ್ನ ತರಗತಿಯ ಮಕ್ಕಳ ಮನೇಲಿ ಒಂದು ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗ್ತಿತ್ತು. ವಿದ್ಯಾಗಮದಲ್ಲಿ ನಾವು ದೇವಸ್ಥಾನದ ಕಟ್ಟೆ ಮೇಲೆ, ಮರದ ಕೆಳಗೆ ಪಾಠ ಮಾಡಿದ್ವಿ. ಅದನ್ನೂ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು.

ಅನಿಲ್: ಮಕ್ಕಳಿಗೆ ಕೋವಿಡ್ ಬಂತು ಅಂತ ನಿಲ್ಲಿಸಿದ್ದು ತಾನೇ? ನೀವು ಅಪಾಯಕ್ಕೆ ಒಡ್ಡಿದ್ರಿ.

ಜ್ಯೋತಿ: ನೀವು ಆಗ ಮನೇಲಿ ಕೂತು ಲ್ಯಾಪ್‌ಟಾಪ್ ಒತ್ತುತ್ತಿದ್ದಿರಿ, ಮಾತಾಡೋದು ಸುಲಭ.

ಅನಿಲ್: ವೈಯಕ್ತಿಕ ಬೇಡ ಮೇಡಂ.

ಅಡ್ಮಿನ್: ಇಬ್ಬರೂ ಸಾಕು.

ರೇಖಾ: ಅನಿಲ್, ಟೆಕ್ನಾಲಜಿ ಬೇಡ ಅಂತ ನಾನು ಹೇಳಲಿಲ್ಲ. ಬೋಟ್ಸ್‌ವಾನಾದಲ್ಲಿ 2020ರಲ್ಲಿ ಶಾಲೆ ಮುಚ್ಚಿದಾಗ ಕೆಲವು ಮನೆಗಳಿಗೆ ವಾರಕ್ಕೊಂದು ಲೆಕ್ಕ ಎಸ್ಸೆಮ್ಮೆಸ್ ಮಾಡಿದರು. ಇನ್ನು ಕೆಲವು ಮನೆಗಳಿಗೆ ಅದರ ಜೊತೆ ವಾರಕ್ಕೊಮ್ಮೆ 20 ನಿಮಿಷದೊಳಗಿನ ಫೋನು. ಮೇಷ್ಟ್ರು ಆ ಕಡೆ, ಮಗು ಮತ್ತು ಮನೆಯ ದೊಡ್ಡವರೊಬ್ಬರು ಈ ಕಡೆ. ಬರೀ ಎಸ್ಸೆಮ್ಮೆಸ್ ಬಂದ ಮಕ್ಕಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ, ಫೋನು ಬಂದವರು ಕಲಿತರು. ಸ್ಮಾರ್ಟ್‌ಫೋನೂ ಬೇಕಿರಲಿಲ್ಲ. ನಿಮ್ಮ ಕಂಪನಿಯವರು 40 ಟ್ಯಾಬ್ ಬದಲು ವಾರಕ್ಕೆ 20 ನಿಮಿಷ ಕೊಡುವ 40 ಕನ್ನಡದ ಜನ ಕೊಡ್ತಾರಾ, ಕೇಳಿ.

ವೀಣಾ (ಮಲ್ಲೇಶ್ವರಂ): ಮೇಡಂ, ನನ್ನ ಅಕ್ಕನ ಊರೂ ಅದೇ. ಅವಳ ಮಗನಿಗೆ ಕಿವಿ ಕೇಳಿಸಲ್ಲ, 8 ವರ್ಷ. ಶ್ರವಣ ಯಂತ್ರ ನೀರಲ್ಲಿ ಹೋಯಿತು. ಕ್ಲಾಸಲ್ಲಿ ಸುಮ್ನೆ ಕೂರ್ತಾನೆ. ಏನು ಮಾಡೋದು?

ದಿನೇಶ್ (ಕೆಂಗೇರಿ): ಯಾವ ಯೂಟ್ಯೂಬ್ ಚಾನೆಲ್ ಒಳ್ಳೇದು ಮೇಡಂ?

ರೇಖಾ: ಮೇಲೆ ಓದಿ.

ಲತಾ (ಬನಶಂಕರಿ): ಟ್ಯಾಬ್‌ಗೆ ಯಾವ ಆ್ಯಪ್ ಅಂತ ಯಾರಾದ್ರೂ ಹೇಳಿ ಪ್ಲೀಸ್?

ರೇಖಾ: ಮೇಲೆ.

ಮಹಾಂತೇಶ: ಮೇಡಂ, ಮುಗಿಸಿದೆ. ಕಥೆ ಓದುವವರು 7. ನಾಲ್ಕು ಸಾಲು ಓದುವವರು 12. ಪದದಲ್ಲಿ ನಿಂತವರು 9. ಅಕ್ಷರವೂ ಕಷ್ಟ ಇರುವವರು 6. ಪದದವರು "ಅಕ್ಕ" ಅನ್ನು "ಅಕ" ಅಂತ, "ಹಳ್ಳಿ"ಯನ್ನು "ಹಳಿ" ಅಂತ ಓದುತ್ತಾರೆ. 52ರಲ್ಲಿ 17 ಕಳೆದರೆ ಅರ್ಧಕ್ಕಿಂತ ಜಾಸ್ತಿ ಜನ 45 ಅಂದರು.

ರೇಖಾ: ಇದು ನನಗೆ ಬೇಕಿದ್ದ ಉತ್ತರ. 45 ಬಂದದ್ದು ಹೇಗೆ ನೋಡಿ. ಏಳರಲ್ಲಿ ಎರಡು ಕಳೆದಿದ್ದಾರೆ. ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು ಅನ್ನುವುದು ನೆನಪಿದೆ, ದಶಕ ಬಿಡಿಸುವುದು ಮರೆತಿದೆ. ಕಳೆಯುವುದೇ ಬರುವುದಿಲ್ಲ ಅಂತ ಮೊದಲಿಂದ ಶುರು ಮಾಡಬೇಡಿ. ಹತ್ತು ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು 17 ಕೇಳಿ. ಬಿಡಿ ಸಾಲದು ಅಂತ ಮಗುವೇ ಒಂದು ಕಟ್ಟು ಬಿಚ್ಚಬೇಕು. ನೀವು ಬಿಚ್ಚಬೇಡಿ.

ಓದಿಗೆ ಬೆಳಿಗ್ಗೆ ಒಂದೂವರೆ ಗಂಟೆ ಇಡಿ, ಆ ಹೊತ್ತು ಯಾರು ಯಾವ ತರಗತಿ ಅನ್ನುವುದನ್ನು ಮರೆತುಬಿಡಿ. ನಾಲ್ಕನೆಯವರು, ಐದನೆಯವರು ಬೆರೆತು ನಾಲ್ಕು ಗುಂಪು. ನಲಿ-ಕಲಿ ಮಾಡಿದ ಮೇಷ್ಟ್ರಿಗೆ ಇದು ಹೊಸದಲ್ಲ. ಅಕ್ಷರದ 6 ಮಕ್ಕಳ ಜೊತೆ ನೀವೇ ಕೂರಿ, ಕಥೆ ಓದುವ 7 ಮಕ್ಕಳನ್ನು ಸ್ವಯಂಸೇವಕರಿಗೆ ಬಿಡಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಪದದ 9 ಜನಕ್ಕೆ ಒತ್ತಕ್ಷರ ಬಿಟ್ಟು ಬೇರೇನೂ ಬೇಡ: ಅಕ್ಕ, ಅಪ್ಪ, ಹಳ್ಳಿ, ಬೆಲ್ಲ. ಅವರ ಮನೆಯ ಮಾತುಗಳೇ ಇರಲಿ. ಎರಡು ವಾರಕ್ಕೆ ಮತ್ತೆ ಒಬ್ಬೊಬ್ಬರನ್ನೇ ಓದಿಸಿ. ಮೇಲಿನ ಗುಂಪಿಗೆ ಒಬ್ಬರೂ ಏರದಿದ್ದರೆ ಮಕ್ಕಳಲ್ಲಿ ಅಲ್ಲ, ನಾವು ಮಾಡುತ್ತಿರುವುದರಲ್ಲಿ ತಪ್ಪಿದೆ. ಇದರಿಂದ ಐದನೆಯ ಪಾಠವೆಲ್ಲ ಈ ವರ್ಷವೇ ಮುಗಿಯುತ್ತದೆ ಅಂತ ಮಾತ್ರ ನಾನು ಹೇಳಲಾರೆ.

ಇನ್ನೊಂದು ಮಾತು. 34 ಅಂದ್ರಿ. ನೆರೆಗೆ ಮೊದಲು ಎಷ್ಟಿತ್ತು?

ಮಹಾಂತೇಶ: 41. ನಾಲ್ಕು ಮಕ್ಕಳು ಅಪ್ಪ ಅಮ್ಮನ ಜೊತೆ ಗೋವಾಕ್ಕೆ, ಕೂಲಿಗೆ. ಮೂವರ ವಿಷಯ ಗೊತ್ತಿಲ್ಲ.

ರೇಖಾ: ಆ ಮೂವರ ಹೆಸರು ಬರೆದು, ಈ ವಾರವೇ ಮನೆಗೆ ಹೋಗಿ. ಹೆಣ್ಣುಮಕ್ಕಳಾದರೆ ಇವತ್ತೇ ಹೋಗಿ.

ಪ್ರಕಾಶ್: ನನ್ನ ಶನಿವಾರದ ಸಲಹೆಗೆ ಇನ್ನೂ ಉತ್ತರ ಬಂದಿಲ್ಲ. ಶಿಸ್ತು ಬೇಕು ಅನ್ನೋದು ತಪ್ಪಾ?

ಜ್ಯೋತಿ: ಸರ್, ಆ ಮೇಷ್ಟ್ರ ಮನೆಗೂ ನೀರು ನುಗ್ಗಿರುತ್ತೆ. ಭಾನುವಾರ ಅವರು ಮನೆ ತೊಳೀಬೇಡ್ವಾ?

ಗಿರೀಶ್: ಮಕ್ಕಳ ಜ್ಞಾಪಕಶಕ್ತಿಗೆ ಬೆಳಿಗ್ಗೆ ನೆನೆಸಿದ 5 ಬಾದಾಮಿ. ಫಾರ್ವರ್ಡ್ ಬಂದಿದೆ, ಹಾಕಲಾ?

ರೇಖಾ: ಗಿರೀಶ್, ಸಾಕು ಮಾಡಿ. ಅಲ್ಲಿ ಬೇಳೆ ಒದ್ದೆಯಾಗಿ ಬಿಸಿಯೂಟವೇ ನಿಂತಿತ್ತು. ನಾನು ಇವತ್ತಿಗೆ ಹೊರಡುತ್ತೇನೆ.

ಮಹಾಂತೇಶ: ಇವತ್ತು ಕಡ್ಡಿ ಕೊಟ್ಟೆ ಮೇಡಂ. ಒಬ್ಬಳು ಕಟ್ಟು ಬಿಚ್ಚಿ 35 ಅಂದಳು. ಪಕ್ಕದವನು ಅವಳ ಕಡ್ಡಿ ಎಣಿಸಿ ನೋಡಿ, ಆದರೂ 45 ಅಂತಲೇ ಬರೆದ. ಮೂವರಲ್ಲಿ ಇಬ್ಬರು ಸಿಕ್ಕಿದ್ದಾರೆ, ಸೋದರಮಾವನ ಮನೆಯಲ್ಲಿದ್ದರು.

ವೀಣಾ: ಮೇಡಂ, ನನ್ನ ಪ್ರಶ್ನೆ ಮೇಲೆ ಹಾಗೇ ಇದೆ.